ತಿಂಗಳ ಖರ್ಚು 56,000 ಎನ್ನುವವರು ಪಾಸ್‌ಬುಕ್ ತೆಗೆಯಿರಿ

ನನಗೆ 46 ವರ್ಷ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಮ್ಯಾನೇಜರ್. ಕೈಗೆ 74,000 ಸಂಬಳ. ಹೆಂಡತಿ ಮನೆಯಲ್ಲಿ ಟ್ಯೂಷನ್ ಹೇಳುತ್ತಾಳೆ, 15,000 ಬರುತ್ತದೆ. ತಿಂಗಳ ಖರ್ಚು 56,000 ಚಿಲ್ಲರೆ. ತುರ್ತು ನಿಧಿಗೆ ಮೂರು ತಿಂಗಳ ಖರ್ಚು ಸಾಕು ಅಂತ ಒಬ್ಬರು, ಒಂದು ವರ್ಷದ ಸಂಬಳ ಇಡಿ ಅಂತ ಇನ್ನೊಬ್ಬರು. ಯಾವುದು ಸರಿ? (ಡೊಂಬಿವಲಿ)

ಎರಡೂ ತಪ್ಪು. ಕೆಲಸ ಹೋದ ಮೇಲೆ ನಿಲ್ಲಿಸಲಾಗದ ಖರ್ಚು ಎಷ್ಟು, ಅದನ್ನು ಎಷ್ಟು ತಿಂಗಳು ಹೊರಬೇಕು ಎಂಬುದಷ್ಟೇ ಇಲ್ಲಿನ ಲೆಕ್ಕ. ಸಂಬಳದ ಅಂಕಿಗೆ ಇದರಲ್ಲಿ ಕೆಲಸವೇ ಇಲ್ಲ.

ನಿಮ್ಮ ಪತ್ರದ ಜೊತೆಗಿದ್ದ ಪಟ್ಟಿ ನೋಡಿದೆ. ಗೃಹಸಾಲದ ಕಂತು 26,400, ಕಿರಾಣಿ-ಹಾಲು-ತರಕಾರಿ 15,000, ಊರಲ್ಲಿರುವ ತಾಯಿಗೆ 6,000, ಕರೆಂಟು-ಗ್ಯಾಸ್-ಮೊಬೈಲು 4,600, ಲೋಕಲ್ ಪಾಸು ಮತ್ತು ಸ್ಕೂಲ್ ಬಸ್ 2,800, ಔಷಧಿ 1,700. ಕೂಡಿದರೆ 56,500, ಕೂಡಿಕೆ ಸರಿಯಾಗಿಯೇ ಇದೆ. ಆದರೆ ಇದು ತಿಂಗಳು ತಿಂಗಳು ಕಣ್ಣಿಗೆ ಬೀಳುವ ಖರ್ಚು ಮಾತ್ರ. ಮೂರು ತಿಂಗಳಿಗೊಮ್ಮೆ ಬರುವ ಸೊಸೈಟಿಯ 9,600ರ ಬಿಲ್ಲು ಎಲ್ಲಿ? ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ ತಲಾ 33,000 ಕಟ್ಟುವ ಶಾಲೆ ಫೀ? ಮೇ ತಿಂಗಳ ಆರೋಗ್ಯ ವಿಮೆ 25,200, ಆಗಸ್ಟಿನ ಟರ್ಮ್ ಪಾಲಿಸಿ 14,400, ಮನೆ ತೆರಿಗೆ 6,000? ಇವನ್ನೆಲ್ಲ ನೀವೇ ಪತ್ರದ ಕೊನೆಗೆ ‘ಇತರೆ’ ಎಂದು ಬರೆದು ಲೆಕ್ಕದಿಂದ ಹೊರಗಿಟ್ಟಿದ್ದೀರಿ. ಹನ್ನೆರಡು ತಿಂಗಳಿಗೆ ಹಂಚಿದರೆ ಅವು ತಿಂಗಳಿಗೆ 12,500 ಆಗುತ್ತವೆ. ನಿಮ್ಮ ನಿಜವಾದ ಖರ್ಚು 69,000. ಬೋನಸ್ ಬಂದಾಗ ಫೀ ಕಟ್ಟಿ ರೂಢಿಯಾದವರಿಗೆ ಇದು ಖರ್ಚು ಎಂದೇ ಅನ್ನಿಸುವುದಿಲ್ಲ. ಅದಕ್ಕೇ ಒಂದು ತಿಂಗಳ ಸ್ಟೇಟ್‌ಮೆಂಟ್ ನೋಡಿ ಲೆಕ್ಕ ಹಾಕಬೇಡಿ, ಪೂರ್ತಿ ಹನ್ನೆರಡು ತಿಂಗಳದ್ದು ತೆಗೆಯಿರಿ.

ಇನ್ನು ಎಷ್ಟು ತಿಂಗಳು ಎಂಬ ಮಾತು. ನಿಮ್ಮ ವಯಸ್ಸಿಗೆ, ನಿಮ್ಮ ಹುದ್ದೆಗೆ ಹೊಸ ಕೆಲಸ ಸಿಗಲು ಐದು ತಿಂಗಳು ಹಿಡಿಯಿರಿ. ಸೇರಿದ ಮೇಲೂ ಮೊದಲ ಸಂಬಳ ಕೈಗೆ ಬರುವುದು ತಿಂಗಳ ಕೊನೆಗೆ. ಹೀಗಾಗಿ ಆರು. ಇದೇ ಜಾಗದಲ್ಲಿ ರೈಲ್ವೆಯ ಕಾಯಂ ನೌಕರರಿದ್ದರೆ ಎರಡು-ಮೂರು ತಿಂಗಳು ಸಾಕು ಅನ್ನುತ್ತಿದ್ದೆ. ಗಂಡ-ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿದ್ದರೆ ಅದನ್ನು ಎರಡು ಆದಾಯ ಎಂದು ಎಣಿಸುವುದಿಲ್ಲ, ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಹೆಂಡತಿಯ ಟ್ಯೂಷನ್‌ಗೂ ನಿಮ್ಮ ಕಂಪನಿಗೂ ಸಂಬಂಧವಿಲ್ಲ, ಅದನ್ನು ಕಳೆಯಬಹುದು. ಆದರೆ 15,000 ಎಂದು ಕಳೆಯಬೇಡಿ. ಏಪ್ರಿಲ್, ಮೇ ಎರಡು ತಿಂಗಳು ಮಕ್ಕಳು ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ.

ಈಗ 69,000ವನ್ನು ಆರರಿಂದ ಗುಣಿಸಿ, ಟ್ಯೂಷನ್ ಕಳೆದು ಮುಗಿಸಿದರೂ ಮೋಸ ಹೋಗುತ್ತೀರಿ. ಕೆಲಸ ಮಾರ್ಚ್ ಕೊನೆಗೆ ಹೋಯಿತು ಎಂದಿಟ್ಟುಕೊಳ್ಳಿ. ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಎರಡೂ ಕಂತಿನ ಫೀ, ಎರಡೂ ವಿಮೆ, ಮನೆ ತೆರಿಗೆ ಎಲ್ಲ ಬಂದು ಬೀಳುತ್ತವೆ. ಟ್ಯೂಷನ್ ಇಲ್ಲದ ಎರಡು ತಿಂಗಳೂ ಅದರಲ್ಲೇ. ಲೆಕ್ಕ ಹಾಕಬೇಕಾದ್ದು ವರ್ಷದ ಈ ಅತಿ ಕೆಟ್ಟ ಆರು ತಿಂಗಳಿಗೆ. ತಿಂಗಳ ಖರ್ಚು 56,500ರಂತೆ 3,39,000. ಸೊಸೈಟಿ ಎರಡು ಬಿಲ್ಲು 19,200, ಫೀ 66,000, ವಿಮೆ 39,600, ತೆರಿಗೆ 6,000. ಒಟ್ಟು 4,69,800. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಟ್ಯೂಷನ್ 60,000 ಕಳೆದರೆ 4,09,800. ನಿಮ್ಮ ನಿಧಿ 4 ಲಕ್ಷ 10 ಸಾವಿರ. ಬರೀ ಸರಾಸರಿ 69,000 ಹಿಡಿದು ಇದೇ 60,000 ಕಳೆದಿದ್ದರೆ 3,54,000 ಬರುತ್ತಿತ್ತು, ಸೆಪ್ಟೆಂಬರಿನ ಫೀ ಕಟ್ಟುವ ಹೊತ್ತಿಗೆ ಕೈ ಖಾಲಿ. ಮೂರು ತಿಂಗಳು ಸಾಕು ಅಂದವರ ಲೆಕ್ಕದ 1,69,500 ಜೂನ್ ಮುಗಿಯುವ ಮೊದಲೇ ಮುಗಿದಿರುತ್ತದೆ.

ಎಸ್‌ಐಪಿ, ಹೋಟೆಲು, ಗಣಪತಿ ಹಬ್ಬಕ್ಕೆ ಊರಿಗೆ ಹೋಗುವ ಖರ್ಚನ್ನು ನಾನು ಸೇರಿಸಿಲ್ಲ. ಕೆಲಸವಿಲ್ಲದಾಗ ಅವನ್ನು ನಿಲ್ಲಿಸಬಹುದು. ತಾಯಿಗೆ ಕಳಿಸುವುದನ್ನು ನಿಲ್ಲಿಸಲಾಗದು, ಸೇರಿಸಿದ್ದೇನೆ. ಆರೋಗ್ಯ ವಿಮೆ ಸ್ವಂತದ್ದಿರುವುದು ಒಳ್ಳೆಯದಾಯಿತು. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ.

ಎಲ್ಲಿಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಒಂದು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ. ಉಳಿದದ್ದನ್ನು 50,000ದ ಒಂದೊಂದು ಎಫ್‌ಡಿಯಾಗಿ ಒಡೆದಿಡಿ. ಒಂದೇ ದೊಡ್ಡ ಎಫ್‌ಡಿ ಮಾಡಿದರೆ, 40,000 ಬೇಕಾದಾಗ ಪೂರ್ತಿ ಮುರಿದು ಅಷ್ಟಕ್ಕೂ ಬಡ್ಡಿ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಗೃಹಸಾಲ ಕೊಟ್ಟ ಬ್ಯಾಂಕಿನಲ್ಲೇ ಈ ಹಣ ಬೇಡ. ಕಂತು ತಪ್ಪಿದರೆ ನಿಮ್ಮ ಠೇವಣಿಯನ್ನು ಸಾಲಕ್ಕೆ ವಜಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಸಹಕಾರಿ ಬ್ಯಾಂಕಿಗೆ ಸುರಿಯುವವರಿಗೆ ಪಿಎಂಸಿ ಬ್ಯಾಂಕ್ ನೆನಪಿಸಬೇಕು. 2019ರ ಸೆಪ್ಟೆಂಬರಿನಲ್ಲಿ ಅದರ ಗ್ರಾಹಕರಿಗೆ ಮೊದಲು ತೆಗೆಯಲು ಬಿಟ್ಟದ್ದು ಬರೀ 1,000 ರೂಪಾಯಿ. ಠೇವಣಿ ವಿಮೆ ಬ್ಯಾಂಕಿಗೆ ತಲಾ 5 ಲಕ್ಷದವರೆಗೆ ಇದೆ, ನಿಜ. ಆದರೆ ಹೀಗೆ ನಿರ್ಬಂಧ ಬಿದ್ದಾಗ ಆ ಹಣ ಕೊಡಲು ಕಾನೂನೇ 90 ದಿನದ ಅವಕಾಶ ಕೊಟ್ಟಿದೆ. ಅಲ್ಲಿಯವರೆಗೆ ಹಾಲಿನವನಿಗೆ ಏನು ಹೇಳುತ್ತೀರಿ? ಎರಡು ಬ್ಯಾಂಕಿನಲ್ಲಿಡಿ.

ವಾಸ್ಕೋದಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತೇನೆ. ಪ್ರತಿ ವರ್ಷ ತುರ್ತು ನಿಧಿ ಮಾಡುತ್ತೇನೆ, ಮಳೆಗಾಲದಲ್ಲಿ ಬಾಡಿಗೆ ಇಲ್ಲದೆ ಖಾಲಿಯಾಗುತ್ತದೆ.

ಗೋವೆಗೆ ಮಳೆಗಾಲ ಪ್ರತಿ ಜೂನ್‌ಗೆ ಬರುತ್ತದೆ. ಬರುವುದು ಗೊತ್ತಿದ್ದದ್ದು ತುರ್ತು ಹೇಗಾದೀತು ಅಣ್ಣ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಖರ್ಚು ಮತ್ತು ಗಾಡಿ ಕಂತಿಗೆ ಸಾಲದೆ ಬಿದ್ದದ್ದೆಷ್ಟು ಎಂದು ಹೋದ ವರ್ಷದ್ದು ನೋಡಿ. 80,000 ಎಂದಾದರೆ, ಅಕ್ಟೋಬರಿನಿಂದ ಮೇ ತನಕ ಎಂಟು ತಿಂಗಳು 10,000ದಂತೆ ಬೇರೆಯೇ ಖಾತೆಗೆ ಹಾಕಿ, ಅದಕ್ಕೆ ಮಳೆಗಾಲದ ಖಾತೆ ಎಂದೇ ಹೆಸರಿಡಿ. ತುರ್ತು ನಿಧಿ ಅದರ ಮೇಲೆ. ಗಾಡಿ ಅಪಘಾತವಾಗಿ ಎರಡು ತಿಂಗಳು ಗ್ಯಾರೇಜಿನಲ್ಲಿ ನಿಂತರೆ, ನಿಮಗೇ ಕಾಲು ಮುರಿದರೆ ಬೇಕಾಗುವ ಹಣ ಅದು. ಒಬ್ಬರದೇ ದುಡಿಮೆ, ರಜೆಗೆ ಸಂಬಳವಿಲ್ಲ. ನಿಮಗೆ ಆರು ತಿಂಗಳಿಗಿಂತ ಕಡಿಮೆ ಹೇಳಲು ನನಗೆ ಧೈರ್ಯವಿಲ್ಲ. ಎರಡನ್ನೂ ಒಟ್ಟಿಗೆ ಮಾಡಲಾಗದಿದ್ದರೆ ಮೊದಲು ಮಳೆಗಾಲದ್ದು ತುಂಬಿಸಿ.

ಕ್ರೆಡಿಟ್ ಕಾರ್ಡ್ ಲಿಮಿಟ್ 3 ಲಕ್ಷ ಇದೆ. ಬೇರೆ ನಿಧಿ ಯಾಕೆ? (ಪುಣೆ)

ಲಿಮಿಟ್ ನಿಮ್ಮ ದುಡ್ಡಲ್ಲ, ಬ್ಯಾಂಕು ಬೇಕೆಂದಾಗ ಇಳಿಸಬಹುದು.

ಪರಿಚಯದವರೊಬ್ಬರು ತಿಂಗಳಿಗೆ 3% ಕೊಡುತ್ತಾರೆ, ಕೇಳಿದ ದಿನವೇ ಅಸಲು ವಾಪಸ್ ಅನ್ನುತ್ತಾರೆ. ತುರ್ತು ನಿಧಿ ಅಲ್ಲಿಡಲೇ? (ಠಾಣೆ)

ಬೇಡ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಅಸಲು ಕೇಳಿ ನೋಡಿ.