ತೆರಿಗೆರಹಿತ ಬಾಂಡಿನ ಶೇ. 8.5 ಯಾವ ಹಣದ ಮೇಲೆ?

"ನಾನು ಶೇ. 30ರ ತೆರಿಗೆ ಹಂತದಲ್ಲಿದ್ದೇನೆ. 10 ಲಕ್ಷ ರೂಪಾಯಿಯನ್ನು ಆರು ವರ್ಷ ಇಡಬೇಕು. ಎಫ್‌ಡಿ ಶೇ. 7, ಡೆಟ್ ಫಂಡ್ ಕೂಡ ಸುಮಾರು ಅಷ್ಟೇ. ತೆರಿಗೆರಹಿತ ಬಾಂಡ್ ಶೇ. 8.5 ಕೊಡುತ್ತಿದೆ. ಕಣ್ಣು ಮುಚ್ಚಿ ಬಾಂಡ್ ಕೊಳ್ಳಬಹುದಲ್ಲವೇ?"

ಆ ಶೇ. 8.5 ಸಿಗುವುದು ಬಾಂಡಿನ ಮುಖಬೆಲೆಯ ಮೇಲೆಯೇ ಹೊರತು ನೀವು ಹಾಕುವ ಹಣದ ಮೇಲಲ್ಲ. ಎನ್‌ಎಚ್‌ಎಐ, ಆರ್‌ಇಸಿಯಂಥ ಸರ್ಕಾರಿ ಸಂಸ್ಥೆಗಳು ಇಂಥ ಬಾಂಡ್‌ಗಳನ್ನು ಹೊಸದಾಗಿ ವಿತರಿಸುವುದು 2015-16ಕ್ಕೇ ನಿಂತಿತು. ಈಗ ಷೇರು ವಿನಿಮಯ ಕೇಂದ್ರದಲ್ಲಿ ಹಳೆಯ ಬಾಂಡನ್ನೇ ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕು.

ನಾನು ಕೊಂಡದ್ದೂ ಅಂಥದ್ದೇ. ಮುಖಬೆಲೆ 1,000 ರೂಪಾಯಿ, ಬೆಲೆ 1,150 ರೂಪಾಯಿ, ಉಳಿದ ಅವಧಿ ಆರು ವರ್ಷ. 870 ಬಾಂಡ್‌ಗಳಿಗೆ 10 ಲಕ್ಷಕ್ಕೆ ಐನೂರು ರೂಪಾಯಿ ಹೆಚ್ಚೇ ಆಯಿತು. ವರ್ಷಕ್ಕೆ 73,950 ರೂಪಾಯಿ ಬಡ್ಡಿ ಖಾತೆಗೆ ಬಂದು ಬೀಳುತ್ತಿತ್ತು, ಅದರ ಮೇಲೆ ಬಿಡಿಗಾಸೂ ತೆರಿಗೆಯಿಲ್ಲ. ಅಷ್ಟನ್ನೂ ಮನೆಖರ್ಚಿಗೆ ಬಳಸಿದೆ. ಅವಧಿ ಮುಗಿದಾಗ ಮರಳಿದ್ದು 8,70,000 ರೂಪಾಯಿ ಮಾತ್ರ. ಪ್ರತಿ ಬಾಂಡಿಗೆ ಹೆಚ್ಚಾಗಿ ಕೊಟ್ಟ 150 ರೂಪಾಯಿಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 25 ರೂಪಾಯಿ ಸವೆಯುತ್ತದೆ. ಅಂದರೆ ಕೈಗೆ ಬಂದ 85 ರೂಪಾಯಿಯಲ್ಲಿ 25 ರೂಪಾಯಿ ನನ್ನದೇ ಅಸಲು, ಅದನ್ನೇ ಬಡ್ಡಿಯೆಂದು ತಿಂದು ಮುಗಿಸಿದ್ದೆ. ಸರಿಯಾಗಿ ಲೆಕ್ಕ ಹಾಕಿದರೆ ಆ ಬಾಂಡಿನ ವೈಟಿಎಂ, ಅಂದರೆ ಕೊಂಡ ಬೆಲೆಯ ಮೇಲೆ ಅವಧಿ ಮುಗಿಯುವವರೆಗೆ ಸಿಗುವ ನಿಜವಾದ ವಾರ್ಷಿಕ ಗಳಿಕೆ, ಶೇ. 5.5. ಬಡ್ಡಿಯನ್ನು ಬೆಲೆಯಿಂದ ಭಾಗಿಸಿ ಶೇ. 7.4 ಎಂದು ತೋರಿಸುವವರೂ ಇದ್ದಾರೆ. ಅದರಲ್ಲೂ ಈ ಸವೆತ ಸೇರಿರುವುದಿಲ್ಲ.

ಸೋಜಿಗವೆಂದರೆ, ಆ ಶೇ. 5.5 ಕೂಡ ನಿಮ್ಮ ಎಫ್‌ಡಿಗಿಂತ ಮೇಲು. ಸೆಸ್ ಸೇರಿ ಶೇ. 31.2 ತೆರಿಗೆ ಹೋದರೆ ಶೇ. 7ರಲ್ಲಿ ಉಳಿಯುವುದು ಶೇ. 4.82. ನನಗೆ ಹೊಡೆತ ಬಿದ್ದದ್ದು ಬಾಂಡಿನಿಂದಲ್ಲ, ಅಸಲು 10 ಲಕ್ಷ ಹಾಗೆಯೇ ಇದೆಯೆಂದು ನಂಬಿ ಖರ್ಚು ಮಾಡಿದ್ದರಿಂದ.

ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ತೆರಿಗೆ ತಗ್ಗಿಸುತ್ತಿದ್ದ ಡೆಟ್ ಫಂಡಿನ ಹಳೆಯ ಇಂಡೆಕ್ಸೇಶನ್ ಲಾಭವನ್ನು ಮರೆತುಬಿಡಿ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಯೂನಿಟ್‌ಗಳಿಗೆ, ಎಷ್ಟು ವರ್ಷ ಇಟ್ಟರೂ, ಲಾಭದ ಮೇಲೆ ನಿಮ್ಮ ಹಂತದ ತೆರಿಗೆಯೇ. ಆದರೆ ಎಫ್‌ಡಿಯ ಬಡ್ಡಿಗೆ ವರ್ಷವರ್ಷವೂ ತೆರಿಗೆ ಕಟ್ಟಬೇಕು, ಫಂಡಿಗೆ ಮಾರಿದಾಗ ಮಾತ್ರ. ಖರ್ಚು ಕಳೆದು ಶೇ. 7 ಬಂದರೆ ಆರು ವರ್ಷದ ಕೊನೆಗೆ ತೆರಿಗೆ ಕಟ್ಟಿ ಉಳಿಯುವುದು ವರ್ಷಕ್ಕೆ ಸುಮಾರು ಶೇ. 5.06. ಈ ಕಾಲು ಶೇಕಡಾಕ್ಕಾಗಿ ಬಡ್ಡಿದರದ ಏರಿಳಿತ ಸಹಿಸುವುದು ನನಗೇನೂ ಇಷ್ಟವಿಲ್ಲ. ಆರು ವರ್ಷದೊಳಗೆ ನೀವು ನಿವೃತ್ತರಾಗಿ ಕೆಳಗಿನ ತೆರಿಗೆ ಹಂತಕ್ಕೆ ಇಳಿಯುವವರಾದರೆ ಮಾತ್ರ ಫಂಡನ್ನೇ ಆರಿಸಿಕೊಳ್ಳಿ.

ಇಲ್ಲವಾದರೆ ಬಾಂಡ್ ಕೊಳ್ಳಿ, ಆದರೆ ವೈಟಿಎಂ ಶೇ. 5.2ಕ್ಕಿಂತ ಕಡಿಮೆಯಿದ್ದರೆ ಬೇಡ. ಪ್ರತಿ ವರ್ಷದ ಬಡ್ಡಿಯಲ್ಲಿ ಸವೆತದ ಪಾಲನ್ನು ತೆಗೆದಿಡಿ. ಕೊನೆಯಲ್ಲಿ ಆಗುವ ನಷ್ಟವನ್ನು ರಿಟರ್ನ್‌ನಲ್ಲಿ ಗಡುವಿನೊಳಗೆ ತೋರಿಸಿದರೆ ಎಂಟು ವರ್ಷಗಳವರೆಗೆ ಇತರ ದೀರ್ಘಾವಧಿ ಬಂಡವಾಳ ಲಾಭದ ಎದುರು ವಜಾ ಮಾಡಿಕೊಳ್ಳಬಹುದು.