ಎದೆ ಉಳಿಸಿಕೊಂಡರೆ ಜೀವಕ್ಕೆ ಅಪಾಯವೇ?

ಓದುಗರ ಪತ್ರ: ನಮ್ಮ ಅಕ್ಕನಿಗೆ 49 ವರ್ಷ, ಕಾರಟಗಿ ಹತ್ತಿರದ ಹಳ್ಳಿ. ಎಡ ಎದೆಯಲ್ಲಿ ಗಡ್ಡೆ ಆಗಿ, ಸೂಜಿ ಹಾಕಿ ನೋಡಿದಾಗ ಕ್ಯಾನ್ಸರ್ ಅಂತ ಬಂತು. 2 ಸೆಂ.ಮೀ. ಇದೆ, ಕಂಕುಳಲ್ಲಿ ಗಂಟು ಕಾಣಲಿಲ್ಲ. ಹುಬ್ಬಳ್ಳಿ ಡಾಕ್ಟರು ‘ಪೂರ್ತಿ ಎದೆ ತೆಗೆಯಬಹುದು, ಇಲ್ಲ ಗಡ್ಡೆ ಮಾತ್ರ ತೆಗೆದು ಕರೆಂಟ್ ಅಂದರೆ ರೇಡಿಯೇಷನ್ ಕೊಡಬಹುದು, ಎರಡೂ ಸರಿ, ಮನೆಯಲ್ಲಿ ಮಾತಾಡಿ ಬನ್ನಿ’ ಎಂದರು. ಅಕ್ಕನ ಅತ್ತೆ ‘ಬೇರು ಸಮೇತ ತೆಗೆಸಿಬಿಡಿ’ ಅಂತಾರೆ. ಭಾವನವರಿಗೆ ಗದ್ದೆ ಬಿಟ್ಟು ಓಡಾಡೋದು ಹೇಗೆ ಅಂತ ಚಿಂತೆ. ಯಾವುದು ಒಳ್ಳೇದು?
– ಒಬ್ಬ ತಂಗಿ, ಗಂಗಾವತಿ

ಸಂಪಾದಕರ ಉತ್ತರ:

ಡಾಕ್ಟರು ‘ಎರಡೂ ಸರಿ’ ಎಂದದ್ದು ಜಾರಿಕೊಳ್ಳುವ ಮಾತಲ್ಲ ತಂಗಿ. ಅದರ ಹಿಂದೆ ದೊಡ್ಡ ಲೆಕ್ಕ ಇದೆ. ಇಟಲಿಯ ಮಿಲಾನ್‌ನಲ್ಲಿ ಸರ್ಜನ್ ಉಂಬರ್ಟೊ ವೆರೊನೇಸಿ 1973ರಲ್ಲಿ, ಅಮೆರಿಕದಲ್ಲಿ ಸರ್ಜನ್ ಬರ್ನಾರ್ಡ್ ಫಿಶರ್ 1976ರಲ್ಲಿ ಇದೇ ಪ್ರಶ್ನೆ ಎತ್ತಿಕೊಂಡರು. ಯಾರಿಗೆ ಯಾವ ಆಪರೇಷನ್ ಎಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡಿ, ಆ ಹೆಂಗಸರ ಆರೋಗ್ಯವನ್ನು 20 ವರ್ಷ ನೋಡುತ್ತಾ ಬಂದರು. 2002ರಲ್ಲಿ ಎರಡೂ ಫಲಿತಾಂಶ ಪ್ರಕಟವಾದವು. ಪೂರ್ತಿ ತೆಗೆಸಿಕೊಂಡವರೂ ಎದೆ ಉಳಿಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ.

ಅತ್ತೆಯವರ ಮಾತಿಗೆ ಉತ್ತರ ಇಲ್ಲೇ ಇದೆ. ಎದೆಯಲ್ಲಿರುವ ಗಡ್ಡೆ ಅಲ್ಲೇ ಇದ್ದು ಜೀವ ತೆಗೆಯುವುದಿಲ್ಲ. ಅದರಿಂದ ಬಿಡಿಸಿಕೊಂಡ ಕಣಗಳು ರಕ್ತದಲ್ಲಿ ಸೇರಿ ಮೂಳೆ, ಶ್ವಾಸಕೋಶ, ಲಿವರ್‌ನಲ್ಲಿ ಬೆಳೆದರೆ ಅಪಾಯ. ಹಾಗೆ ಹೊರಟ ಕಣ ಇದ್ದರೆ ಅದು ಆಪರೇಷನ್ನಿಗೆ ಮೊದಲೇ ಹೊರಟಿರುತ್ತದೆ. ಎದೆಯನ್ನು ಎಷ್ಟು ಅಗಲ ಕೊಯ್ದರೂ ಅದು ಸಿಗುವುದಿಲ್ಲ. ಅದಕ್ಕಿರುವುದು ಕೀಮೋ, ಹಾರ್ಮೋನ್ ಮಾತ್ರೆ ಇತ್ಯಾದಿ. ಅಕ್ಕನಿಗೆ ಕೀಮೋ ಬೇಕೋ ಬೇಡವೋ ಎಂಬುದನ್ನು ಗಡ್ಡೆಯ ಜಾತಿ ಮತ್ತು ಕಂಕುಳಿನ ಗಂಟಿನ ರಿಪೋರ್ಟ್ ಹೇಳುತ್ತವೆ. ‘ಎದೆ ತೆಗೆಸಿದರೆ ಕೀಮೋ ತಪ್ಪುತ್ತೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಕರೆಂಟ್ ಯಾಕೆ? ಗಡ್ಡೆ ತೆಗೆದ ಮೇಲೂ ಉಳಿದ ಎದೆಯಲ್ಲಿ ಕಣ್ಣಿಗೆ ಕಾಣದ ಕಣಗಳು ಇರಬಹುದು. ಫಿಶರ್ ಅವರ ಲೆಕ್ಕದಲ್ಲಿ, ಬರೀ ಗಡ್ಡೆ ತೆಗೆಸಿಕೊಂಡ 100 ಜನರಲ್ಲಿ ಸುಮಾರು 39 ಮಂದಿಗೆ 20 ವರ್ಷದೊಳಗೆ ಅದೇ ಎದೆಯಲ್ಲಿ ಮತ್ತೆ ಗಡ್ಡೆ ಬಂತು. ಕರೆಂಟ್ ತೆಗೆದುಕೊಂಡವರಲ್ಲಿ ಸುಮಾರು 14 ಮಂದಿಗೆ. ಈಗಿನ ಔಷಧಿಗಳ ಕಾಲದಲ್ಲಿ ಈ ಸಂಖ್ಯೆ ಇನ್ನೂ ಕಡಿಮೆ. ಮತ್ತೆ ಬಂದರೆ ಆಗ ಪೂರ್ತಿ ತೆಗೆಯುವ ದಾರಿ ಇದ್ದೇ ಇರುತ್ತದೆ. ಆದರೆ ಇನ್ನೊಂದು ಆಪರೇಷನ್ನು, ಇನ್ನೊಮ್ಮೆ ಅದೇ ಭಯ. ಅದಕ್ಕೇ ಅಕ್ಕನ ವಯಸ್ಸಿನವರು ಎದೆ ಉಳಿಸಿಕೊಳ್ಳುವುದಾದರೆ ಕರೆಂಟ್ ಬಿಡುವ ಹಾಗಿಲ್ಲ. ಗಡ್ಡೆ ತೆಗೆಸಿ, ಗಾಯ ಒಣಗಿತು ಅಂತ ಊರಿಗೆ ಬಂದು ಸುಮ್ನೆ ಕೂತುಬಿಡುವುದಿದೆಯಲ್ಲ, ಅದು ಎರಡು ದಾರಿಗಿಂತಲೂ ಕೆಟ್ಟದ್ದು.

ಹಾಗಾಗಿ ನಿಮ್ಮ ಭಾವನವರ ಚಿಂತೆ ಸಣ್ಣದಲ್ಲ. ನಿರ್ಧಾರ ಮುಕ್ಕಾಲು ಪಾಲು ಅದರ ಮೇಲೇ ನಿಂತಿದೆ. ಈಗ ಬಹಳ ಕಡೆ 15 ಸಲ ಕರೆಂಟ್ ಕೊಡುತ್ತಾರೆ. ಶನಿವಾರ, ಭಾನುವಾರ ಬಿಟ್ಟರೆ ಮೂರು ವಾರ. 50ರ ಒಳಗಿನವರಿಗೆ ಗಡ್ಡೆ ಇದ್ದ ಜಾಗಕ್ಕೆ ಇನ್ನೂ ಕೆಲವು ದಿನ ಸೇರಿಸುವುದುಂಟು. ಒಂದೇ ವಾರದಲ್ಲಿ ಐದು ಸಲ ಕೊಟ್ಟು ಮುಗಿಸುವ ಕ್ರಮವೂ ಬಂದಿದೆ, ಅಕ್ಕನಿಗೆ ಆಗುತ್ತದೆಯೇ ಎಂದು ಕೇಳಿ. ಮೊದಲ ದಿನ ಸಿ.ಟಿ. ಸ್ಕ್ಯಾನ್ ಮಾಡಿ, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಅದನ್ನು ಉಜ್ಜಿ ತೊಳೆಯಬಾರದು. ಆಮೇಲೆ ದಿನಾ ಹತ್ತು ಹದಿನೈದು ನಿಮಿಷದ ಕೆಲಸ. ನೋವಿಲ್ಲ, ತಲೆಕೂದಲು ಉದುರುವುದಿಲ್ಲ. ಚರ್ಮ ಕಪ್ಪಾಗುತ್ತದೆ, ಎದೆಯ ಕೆಳಗಿನ ಮಡಿಕೆಯಲ್ಲಿ ಸುಲಿಯಬಹುದು, ಸುಸ್ತಾಗುತ್ತದೆ. ಎಡ ಎದೆ ಆದ್ದರಿಂದ ಹೃದಯಕ್ಕೆ ತಾಗದಂತೆ ಉಸಿರು ಬಿಗಿಹಿಡಿಸಿ ಕೊಡುತ್ತಾರೆಯೇ ಎಂದೂ ವಿಚಾರಿಸಿ.

ಕಾರಟಗಿಯಿಂದ ಹುಬ್ಬಳ್ಳಿಗೆ ದಿನಾ ಹೋಗಿಬರಲು ಆಗುವುದಿಲ್ಲ. ಅಲ್ಲೇ ಉಳಿಯಬೇಕು, ಇಲ್ಲವೇ ಆಪರೇಷನ್ ಅಲ್ಲಿ ಮಾಡಿಸಿ ಕರೆಂಟನ್ನು ಮನೆಗೆ ಹತ್ತಿರ ಎಲ್ಲಿ ಸಿಗುತ್ತದೋ ಅಲ್ಲಿ ತೆಗೆದುಕೊಳ್ಳಬೇಕು. ಇದನ್ನು ಆಪರೇಷನ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದೂ ಕೇಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಇನ್ನೊಂದು ಮಾತು. ಕೀಮೋ ಬೇಕಾದರೆ ಸಾಮಾನ್ಯವಾಗಿ ಅದು ಮೊದಲು, ಕರೆಂಟ್ ಆಮೇಲೆ. ಆ ಮೂರು ವಾರ ಕೆಲವು ತಿಂಗಳು ಮುಂದೆ ಹೋಗುತ್ತದೆ. ಭಾವನವರು ಈಗಿನ ನಾಟಿಯ ಲೆಕ್ಕ ಹಾಕುತ್ತಿರಬಹುದು, ಬೇಕಾಗುವುದು ಕೊಯ್ಲಿನ ಲೆಕ್ಕ ಆಗಬಹುದು.

‘ಪೂರ್ತಿ ತೆಗೆಸಿದರೆ ಓಡಾಟ ಇಲ್ಲ’ ಎಂಬುದೂ ಖಾತ್ರಿಯಲ್ಲ. ರಿಪೋರ್ಟ್‌ನಲ್ಲಿ ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದು ಎಂದು ಬಂದರೆ, ಇಲ್ಲವೇ ಕಂಕುಳಿನ ನಾಲ್ಕು ಅಥವಾ ಜಾಸ್ತಿ ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕರೆ, ಎದೆ ತೆಗೆದ ಮೇಲೂ ಕರೆಂಟ್ ಕೊಡುತ್ತಾರೆ. ಕಡಿಮೆ ಗಂಟು ಇದ್ದಾಗಲೂ ಕೆಲವೊಮ್ಮೆ ಕೊಡುವುದುಂಟು. ಈಗ ಕಾಣುತ್ತಿರುವ ಪ್ರಕಾರ ಅಕ್ಕನಿಗೆ ಅದು ತಪ್ಪುವ ಸಾಧ್ಯತೆ ಹೆಚ್ಚು, ಅಷ್ಟೇ. ಪೂರ್ತಿ ತೆಗೆದರೆ ಒಂದು ವಾರವೋ ಹತ್ತು ದಿನವೋ ನೀರು ಬಸಿಯುವ ಕೊಳವೆ ಇರುತ್ತದೆ. ಆ ಜಾಗ ಜೋಮು ಹಿಡಿದಂತಿರುತ್ತದೆ. ಕುಪ್ಪಸದೊಳಗೆ ಇಡುವ ಕೃತಕ ಎದೆ ಸಿಗುತ್ತದೆ. ಕೈ ಊದಿಕೊಳ್ಳುವ ತೊಂದರೆ ಮಾತ್ರ ಕಂಕುಳಿನ ಆಪರೇಷನ್ನಿಂದ ಬರುವಂಥದ್ದು, ಎದೆ ಉಳಿಸಿಕೊಂಡವರಿಗೂ ಬರಬಹುದು. ಮೊದಲು ಬಣ್ಣ ಹಾಯಿಸಿ ಒಂದೆರಡು ಗಂಟು ಮಾತ್ರ ತೆಗೆದು ನೋಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಅವು ಶುದ್ಧ ಇದ್ದರೆ ಉಳಿದವನ್ನು ಮುಟ್ಟುವುದಿಲ್ಲ.

ನಮ್ಮ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಬೇರೆ ಕಡೆ. ‘ಸಣ್ಣ ಗಡ್ಡೆ, ಇಲ್ಲೇ ತೆಗೆದುಬಿಡೋಣ’ ಎಂದು ಯಾವುದೋ ನರ್ಸಿಂಗ್ ಹೋಮಿನಲ್ಲಿ ಕೊಯ್ದು, ತುಂಡನ್ನು ಸರಿಯಾಗಿ ಪರೀಕ್ಷೆಗೆ ಕಳಿಸದೇ ಇರುವುದು. ಎದೆ ಉಳಿಸುವ ಆಪರೇಷನ್‌ನಲ್ಲಿ ತೆಗೆದ ತುಂಡು ಇಡಿಯಾಗಿ ಹೋಗಬೇಕು. ಮೇಲು ಯಾವುದು, ಪಕ್ಕ ಯಾವುದು ಎಂದು ತಿಳಿಯಲು ಸರ್ಜನ್ ಅದಕ್ಕೆ ದಾರ ಕಟ್ಟಿರುತ್ತಾರೆ. ಲ್ಯಾಬಿನವರು ಸುತ್ತ ಶಾಯಿ ಬಳಿದು ಕೊಯ್ದು ನೋಡುತ್ತಾರೆ. ಶಾಯಿ ಮುಟ್ಟಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಸರಿ. ಇದ್ದರೆ ಆ ಪಕ್ಕದಲ್ಲಿ ಇನ್ನಷ್ಟು ತೆಗೆಯಬೇಕಾಗುತ್ತದೆ. ಆಗಲೂ ಅಂಚು ಶುದ್ಧವಾಗದಿದ್ದರೆ ಪೂರ್ತಿ ತೆಗೆಯುವುದೇ ಗತಿ. ಈ ಎರಡನೇ ಆಪರೇಷನ್ ಸಾಧ್ಯತೆಯನ್ನು ಅಕ್ಕನಿಗೆ ಮೊದಲೇ ಹೇಳಿ. ರಿಪೋರ್ಟ್ ಬಂದಾಗ ‘ಮಾರ್ಜಿನ್’ ಎಂಬ ಸಾಲು ಎಲ್ಲಿದೆ ಎಂದು ಹುಡುಕಿ ಓದಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಮ್ಯಾಮೋಗ್ರಾಂನಲ್ಲಿ ಒಂದೇ ಗಡ್ಡೆ ಇದ್ದು, ಹಿಂದೆ ಎದೆಗೆ ಕರೆಂಟ್ ಕೊಟ್ಟಿರದಿದ್ದರೆ, ಮೂರು ವಾರ ಉಳಿಯುವ ಜಾಗ ಮತ್ತು ಜೊತೆಗೆ ಒಬ್ಬರು ಸಿಗುವುದಾದರೆ, ನಾನು ಎದೆ ಉಳಿಸಿಕೊಳ್ಳುವ ಕಡೆ. ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಬಿಡಬಾರದು. ಕರೆಂಟ್ ಮುಗಿಸಲು ಆಗುವುದೇ ಇಲ್ಲ ಎನ್ನಿಸಿದರೆ ಪೂರ್ತಿ ತೆಗೆಸಲಿ, ಅದರಲ್ಲಿ ಸೋಲೇನಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಅತ್ತೆ ಏನಂತಾರೆ ಇದೆ, ಭಾವ ಏನಂತಾರೆ ಇದೆ. ಅಕ್ಕ ಏನಂತಾರೆ ಇಲ್ಲ. ‘ಈ ವಯಸ್ಸಿಗೆ ಎದೆ ಇದ್ದರೇನು’ ಎಂದು ಮನೆಯವರು ಹೇಳುವುದು ಸುಲಭ. ಕೆಲವರಿಗೆ ನಿಜವಾಗಿಯೂ ತೆಗೆಸಿದರೇ ರಾತ್ರಿ ನಿದ್ದೆ ಬರುತ್ತದೆ. ಕೆಲವರಿಗೆ ಸ್ನಾನ ಮಾಡುವಾಗ ದಿನಾ ನೋಡಿಕೊಳ್ಳುವುದೇ ಕಷ್ಟ. ಅಕ್ಕ ಯಾವ ಥರದವರು ಎಂದು ಅವರನ್ನೇ ಒಬ್ಬರನ್ನೇ ಕೂರಿಸಿಕೊಂಡು ಕೇಳಿ, ಅತ್ತೆ ಎದುರಿಗೆ ಬೇಡ. ಮುಂದಿನ ಸಲ ಡಾಕ್ಟರ ಎದುರು ಮಾತಾಡುವುದೂ ಅವರೇ ಆಗಲಿ.

ಯಾವುದನ್ನೇ ಆರಿಸಿದರೂ ಭುಜದ ವ್ಯಾಯಾಮವನ್ನು ಡಾಕ್ಟರು ಹೇಳಿದ ದಿನದಿಂದಲೇ ಶುರು ಮಾಡಿಸಿ. ಕರೆಂಟ್ ಕೊಡುವಾಗ ಕೈ ತಲೆಯ ಮೇಲಕ್ಕೆ ಎತ್ತಿ ಮಲಗಬೇಕು. ಭುಜ ಬಿಗಿದುಕೊಂಡು ಕೈ ಏಳದಿದ್ದರೆ ಅದು ಸಡಿಲವಾಗುವ ತನಕ ತಾರೀಕು ಮುಂದಕ್ಕೆ ಹೋಗುತ್ತದೆ.