ಮೇಷ್ಟ್ರೇ, ಬಾಗೇಪಲ್ಲಿಯ ನೋಟಿಸನ್ನು ಫೋನು ತಪ್ಪು ಓದೋದು ಎಲ್ಲಿ ಅಂದ್ರೆ

ಮೇಷ್ಟ್ರೇ, ನೀವು ಧಾರವಾಡದಿಂದ ನಮ್ಮ ಕಡೆಗೆ ವರ್ಗವಾಗಿ ಬಂದವರು. ಪಂಚಾಯಿತಿ ಬೋರ್ಡಿನ ಫೋಟೊ ತೆಗೆದು ಫೋನಿಗೆ ಓದಲು ಕೊಟ್ಟರೆ ಒಂದಷ್ಟು ತೆಲುಗು ಬರುತ್ತದೆ, ಉಳಿದದ್ದರಲ್ಲಿ ತಪ್ಪು ಬರುತ್ತದೆ, ಯಾಕೆ ಅಂತ ಕೇಳಿದ್ದೀರಿ. ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸುವವನಿಗೆ ಇದು ದಿನದ ಕೆಲಸ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ಇಲ್ಲಿನ ವಿಷಯ. ಬಾಗೇಪಲ್ಲಿ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಸ್ಕೂಲು, ಕಚೇರಿ, ನೋಟಿಸು ಎಲ್ಲ ಕನ್ನಡ. ಕನ್ನಡ ಆಡಿದರೆ ಅರ್ಥವಾಗುತ್ತದೆ, ಓದೋಕೆ ಮಾತ್ರ ಬರಲ್ಲ ಅನ್ನುವ ಅಜ್ಜ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ನೋಟಿಸನ್ನು ಅಕ್ಷರ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಅವರ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ ಅನ್ನುವ ನಿಮ್ಮ ಯೋಚನೆ ನನಗೆ ತುಂಬ ಹಿಡಿಸಿತು. ಆದರೆ ಕೇಳುವವರ ಕಣ್ಣಿಗೆ ತಪ್ಪು ಕಾಣಲ್ಲ, ಅಲ್ವಾ? ಅಲ್ಲಿ ತಾರೀಖು ತಪ್ಪಿದರೆ ತಕರಾರು ಹಾಕುವ ದಿನವೇ ಕಳೆದುಹೋಗುತ್ತದೆ. ಅದಕ್ಕೇ ಎಲ್ಲಿ ತಪ್ಪುತ್ತದೆ ಅಂತ ಗೊತ್ತಿರಬೇಕು.

ತೆಲುಗು ಬರುವುದಕ್ಕೆ ಕಾರಣ ಸರಳ. ರ, ನ, ಲ, ದ, ಗ ಇವೆಲ್ಲ ಎರಡು ಲಿಪಿಯಲ್ಲೂ ಹೆಚ್ಚು ಕಡಿಮೆ ಒಂದೇ ಆಕಾರ. ದೊಡ್ಡ ವ್ಯತ್ಯಾಸ ಇರುವುದು ತಲೆಕಟ್ಟಿನಲ್ಲಿ. ನಮ್ಮದು ಮಲಗಿದ ಗೆರೆ, ಬಲತುದಿಯಲ್ಲಿ ಸ್ವಲ್ಪ ಕೊಂಕು. ತೆಲುಗಿನದು ಟಿಕ್ ಹಾಕಿದ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಫೋಟೊ ಮಸುಕಾದರೆ ಈ ತಲೆಕಟ್ಟೇ ಮೊದಲು ಅಳಿಸಿಹೋಗುವುದು. ಅದಿಲ್ಲದ ಮೇಲೆ ಯಾವ ಲಿಪಿ ಅಂತ ತೀರ್ಮಾನಿಸಲು ಯಂತ್ರಕ್ಕೆ ಉಳಿಯುವುದು ತ, ಶ, ಚ ತರಹದ ಕೆಲವು ಅಕ್ಷರ ಮಾತ್ರ. ಉದ್ದ ಸಾಲಿನಲ್ಲಿ ಅವು ಸಿಗುತ್ತವೆ. ಎರಡೇ ಪದದ ಸಾಲಿನಲ್ಲಿ ಸಿಗದೇ ಹೋಗಬಹುದು. ಗೂಗಲ್ ಲೆನ್ಸ್ ತರಹದವು ಭಾಷೆಯನ್ನು ತಾವೇ ಊಹಿಸುತ್ತವೆ, ಹಾಗಾಗಿ ತಲೆಬರಹ, ಊರಿನ ಹೆಸರು, ಸಹಿ ಕೆಳಗಿನ ಹುದ್ದೆ ಇಂಥ ಚಿಕ್ಕ ಸಾಲುಗಳೇ ತೆಲುಗಾಗುವುದು ಜಾಸ್ತಿ.

ಪರದೆ ಮೇಲೆ ಇದು ಸುಲಭಕ್ಕೆ ಗೊತ್ತಾಗಲ್ಲ. ಕಣ್ಣಿಗೆ ಕಾಣುವ ಪದವನ್ನೇ ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡಿ ಹುಡುಕಿ, ಸಿಗದಿದ್ದರೆ ಅನುಮಾನ ಪಡಿ. ಭಾಷೆ ಇದೇ ಅಂತ ನಾವೇ ಹೇಳಬಹುದಾದ ಸಾಧನ ಬಳಸಿದರೆ ಈ ತೊಂದರೆ ಹುಟ್ಟುವುದೇ ಇಲ್ಲ. ನಾನು ಕಂಪ್ಯೂಟರಿನಲ್ಲಿ ಟೆಸರಾಕ್ಟ್ ಬಳಸುತ್ತೇನೆ, ಅದಕ್ಕೆ ದುಡ್ಡಿಲ್ಲ:

```
tesseract notice.jpg out -l kan --psm 6
```

`kan` ಅಂದರೆ ಕನ್ನಡ ಮಾತ್ರ. `--psm 6` ಅಂದರೆ ಇಡೀ ಹಾಳೆ ಒಂದೇ ಸಮನಾದ ಬರಹದ ತುಂಡು ಅಂತ ಹೇಳಿದ ಹಾಗೆ. `kan+tel` ಅಂತ ಕೊಟ್ಟುಬಿಟ್ಟರೆ ಮತ್ತೆ ಅದೇ ಗೊಂದಲ. ಈಗಾಗಲೇ ತೆಲುಗಾಗಿ ಬಂದ ಸಾಲನ್ನು ಮಾತ್ರ ತಿರುಗಿಸುವ ದಾರಿಯೂ ಇದೆ. ಯೂನಿಕೋಡಿನಲ್ಲಿ ಎರಡು ಲಿಪಿಯನ್ನೂ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ, ನಡುವೆ 128 ಸ್ಥಾನದ ಅಂತರ:

```
s = open("out.txt", encoding="utf-8").read()
print("".join(chr(ord(c)+128) if 0xC00 <= ord(c) <= 0xC7F else c for c in s))
```

ಇನ್ನು ನೀವು ಕಳಿಸಿದ ಫೋಟೊ. ಅದರಲ್ಲಿ ಇಡೀ ಬೋರ್ಡಿದೆ, ಅಡ್ಡಡ್ಡಕ್ಕೆ ಮೂರು ಎ4 ಹಾಳೆ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ ಸುಮಾರು 4000×3000 ಚುಕ್ಕೆ. ಫೋನನ್ನು ಉದ್ದಕ್ಕೆ ಹಿಡಿದು ಒಂದೇ ಹಾಳೆ ತುಂಬುವ ಹಾಗೆ ತೆಗೆದರೆ ಹಾಳೆಯ ಅಗಲಕ್ಕೆ ಸುಮಾರು 2800 ಚುಕ್ಕೆ ಸಿಗುತ್ತವೆ, ಅಂದರೆ ಇಂಚಿಗೆ ಸುಮಾರು 340. ಹಾಗೇ ಹಿಡಿದು ಮೂರು ಹಾಳೆ ತುಂಬಿಸಿದರೆ ಇಂಚಿಗೆ 120 ಅಷ್ಟೇ. ಇಂಥ ಕೆಲಸಕ್ಕೆ 300 ಇದ್ದರೆ ಒಳ್ಳೆಯದು. ಮೇಲಿಂದ ನೀವು ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ತರಹ ಕಳಿಸಿದ್ದೀರಿ. ಅದು ಉದ್ದದ ಬದಿಯನ್ನು ಸುಮಾರು 1600 ಚುಕ್ಕೆಗೆ ಇಳಿಸುತ್ತದೆ, ಜೊತೆಗೆ ಅಕ್ಷರದ ಅಂಚನ್ನೂ ಕಲಸುತ್ತದೆ. ಮುಂದೆ ಹಾಳೆಗೊಂದು ಫೋಟೊ ತೆಗೆದು ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದ ಹಾಗೇ ಬರುತ್ತದೆ.

ಬೋರ್ಡಿಗೆ ತಂತಿ ಜಾಲರಿಯ ಬಾಗಿಲಿದೆ, ಅದು ಇನ್ನೊಂದು ಕಾಟ. ತಂತಿಯ ನೆರಳು ಅಕ್ಷರದ ಮೇಲೆ ಬಿದ್ದರೆ ದ ಇದ್ದದ್ದು ಧ ಆಗಬಹುದು, ಪ ಇದ್ದದ್ದು ಷ ಆಗಬಹುದು. ಆ ಜೋಡಿಗಳ ನಡುವೆ ಇರುವುದೇ ಒಂದು ಚಿಕ್ಕ ಗೀಟು. ಬಾಗಿಲು ತೆಗೆಸಿಕೊಳ್ಳಿ, ಕೇಳಿದರೆ ತೆಗೆದುಕೊಡುತ್ತಾರೆ. ಗಾಜಿನ ಬಾಗಿಲಾದರೆ ಫ್ಲ್ಯಾಶ್ ಹಾಕಬೇಡಿ.

ಈಗ ನಿಮ್ಮ ಆ ಖಾತೆ ಬದಲಾವಣೆ ನೋಟಿಸನ್ನೇ ನೋಡೋಣ. ಹಾಳೆಯಲ್ಲಿ ಇರುವುದು ಹೀಗೆ:

«ಮಿಟ್ಟೇಮರಿ ಹೋಬಳಿಯ ಈ ಕೆಳಕಂಡ ಸರ್ವೆ ನಂಬರುಗಳ ಖಾತೆ ಬದಲಾವಣೆಗೆ ಆಕ್ಷೇಪಣೆ ಇದ್ದಲ್ಲಿ ೧೬-೦೯-೨೦೨೪ನೇ ಸೋಮವಾರದೊಳಗೆ ಸಲ್ಲಿಸುವುದು.»

ಯಂತ್ರ ಕೊಟ್ಟದ್ದು ಹೀಗೆ:

«ವಿುಟ್ಟೆಮರಿ ಹೋಬಳಿಯ ಈ ಕೆಳಕಂಡ ಸವೆ೯ ನ೦ಬರುಗಳ ಖಾತೆ ಬದಲಾವಣೆಗೆ ಆಕ್ಷೇಪಣೆ ಇದಲಿ ೧೯-೦೯-೨೦೨೪ನೇ ಸೋಮವಾರದೊಳಗೆ ಸಲ್ಲಿಸುವುದು.»

‘ಮಿ’ ಅಕ್ಷರವನ್ನು ಅಚ್ಚಿನಲ್ಲಿ ನೋಡಿದರೆ ವಿ ಬರೆದು ಪಕ್ಕಕ್ಕೆ ಉಕಾರದ ಕೊಂಬು ಹಾಕಿದ ಹಾಗೇ ಇರುತ್ತದೆ. ಯಂತ್ರ ಅದನ್ನು ಬಿಡಿಸಿ ‘ವಿು’ ಅಂತ ಬರೆದಿದೆ. ‘ಟ್ಟೇ’ಯ ದೀರ್ಘ ಬಿಟ್ಟುಹೋಗಿದೆ. ನಿತ್ಯ ಬಳಸುವ ಪದ ಆಗಿದ್ದರೆ ತಾನು ಕಲಿತ ಬರಹದ ಬಲದಿಂದ ಸರಿಮಾಡಿಕೊಳ್ಳುತ್ತಿತ್ತೇನೋ. ಆದರೆ ನಮ್ಮ ಕಡೆಯ ಊರಿನ ಹೆಸರುಗಳು ಅದು ಕಲಿತ ಬರಹದಲ್ಲಿ ಸಿಗುವುದು ಅಪರೂಪ. ಆದ್ದರಿಂದ ಊರು ಮತ್ತು ಜನರ ಹೆಸರನ್ನು ಯಾವಾಗಲೂ ನೀವೇ ಫೋಟೊ ನೋಡಿ ತಿದ್ದಿ.

‘ಸವೆ೯’ ತುಂಬ ಮೋಸ ಮಾಡುವ ತಪ್ಪು. ಸರ್ವೆ ಅನ್ನುವುದರ ಅರ್ಕಾವತ್ತು ನೋಡಲು ಕನ್ನಡದ ಒಂಬತ್ತಿನ ಹಾಗೇ ಇರುತ್ತದೆ, ಯಂತ್ರ ಅದನ್ನು ಅಂಕಿ ಅಂತಲೇ ಬರೆದಿದೆ. ಓದುವ ನಮಗೆ ಸರಿಯಾಗಿಯೇ ಕಾಣುತ್ತದೆ. ಫೋನು ಗಟ್ಟಿಯಾಗಿ ಓದಿದಾಗ ಮಾತ್ರ ‘ಸವೆ ಒಂಬತ್ತು’ ಅನ್ನುತ್ತದೆ. ಮುಂದೆ ನಂಬರು ಅನ್ನುವ ಪದವೂ ಇರುವುದರಿಂದ, ಕೇಳುವವರು ಸರ್ವೆ ನಂಬರು ಒಂಬತ್ತು ಅಂದುಕೊಂಡರೆ ಅವರ ತಪ್ಪಲ್ಲ. ‘ನ೦ಬರು’ ಕೂಡ ಇದೇ ಜಾತಿ, ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿದೆ. ಸೊನ್ನೆಯನ್ನು ಹುಡುಕಿ ಬದಲಿಸುವುದು ಸುಲಭ, ಪದದ ಒಳಗೆ ಅಂಕಿ ಇರಲ್ಲವಲ್ಲ. ಅರ್ಕಾವತ್ತು ಹಾಗಲ್ಲ. ಅದನ್ನು ಬರೆಯುವುದು ಅಕ್ಷರದ ಬಲಕ್ಕೆ, ಟೈಪ್ ಮಾಡುವುದು ಅಕ್ಷರಕ್ಕೂ ಮೊದಲು. ಒಂಬತ್ತನ್ನು ಅಳಿಸಿ ‘ವೆ’ಗೆ ಮುಂಚೆ ‘ರ್’ ಸೇರಿಸಬೇಕು. ಫೈಲಿನಲ್ಲಿ ೯ ಎಲ್ಲೆಲ್ಲಿದೆ ಅಂತ ಹುಡುಕಿ ಒಂದೊಂದಾಗಿ ಕೈಯಿಂದಲೇ ಮಾಡುವುದು ಒಳ್ಳೆಯದು.

‘ಇದ್ದಲ್ಲಿ’ ಹೋಗಿ ‘ಇದಲಿ’ ಆಗಿದೆ, ಎರಡು ಒತ್ತೂ ಮಾಯ. ಯಂತ್ರ ಮೊದಲು ಹಾಳೆಯನ್ನು ಸಾಲು ಸಾಲಾಗಿ ಕತ್ತರಿಸಿಕೊಳ್ಳುತ್ತದೆ, ಆಮೇಲೆ ಓದುತ್ತದೆ. ಒಂದೇ ಪುಟದಲ್ಲಿ ಮುಗಿಯಲಿ ಅಂತ ನೋಟಿಸಿನ ಸಾಲುಗಳನ್ನು ಒತ್ತೊತ್ತಾಗಿ ಹಾಕಿರುತ್ತಾರೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ, ಕತ್ತರಿ ಆ ಒತ್ತಿನ ಮೇಲೇ ಬೀಳುತ್ತದೆ. ಫೋಟೊ ಸ್ವಲ್ಪ ಓರೆಯಾದರಂತೂ ಸಾಲಿನ ಒಂದು ಕೊನೆಯಲ್ಲಿ ಒತ್ತು ಸರಿ, ಇನ್ನೊಂದು ಕೊನೆಯಲ್ಲಿ ಇಲ್ಲ. ಒತ್ತುಗಳು ಒಂದೇ ಬದಿಯಲ್ಲಿ ಹೋಗಿದ್ದರೆ ಓರೆಯೇ ಕಾರಣ ಅಂತ ತಿಳಿಯಿರಿ. ಫೋನಿನಲ್ಲೇ ಫೋಟೊ ನೇರ ಮಾಡಿ ಮತ್ತೆ ಕೊಡಿ, ಬಹಳಷ್ಟು ವಾಪಸು ಬರುತ್ತವೆ.

ತಾರೀಖು ನೋಡಿ. ೧೬ ಹೋಗಿ ೧೯ ಆಗಿದೆ. ೬ ಮತ್ತು ೯ ಹತ್ತಿರದ ಆಕಾರ, ಬಾಲ ತಿರುಗುವ ರೀತಿಯಲ್ಲಷ್ಟೇ ಬೇರೆ. ಇಲ್ಲಿ ನಮ್ಮನ್ನು ಕಾಪಾಡಿದ್ದು ವಾರದ ಹೆಸರು. 2024ರ ಸೆಪ್ಟೆಂಬರ್ 16 ಸೋಮವಾರ, 19 ಗುರುವಾರ. ವಾರ ಹಾಕಿರುವ ನೋಟಿಸಿನಲ್ಲಿ ತಾರೀಖನ್ನು ಕ್ಯಾಲೆಂಡರಿಗೆ ಹಿಡಿದು ನೋಡದೆ ಗುಂಪಿಗೆ ಹಾಕಲೇಬೇಡಿ.

ಕೆಳಗಿನ ಪಟ್ಟಿಯಲ್ಲಿ ಮೂರನೇ ಸಾಲಿನ ವಿಸ್ತೀರ್ಣ 1-86 ಅಂತ ಬಂದಿದೆ. ಎಕರೆಗೆ 40 ಗುಂಟೆ, ಆದ್ದರಿಂದ ಎರಡನೇ ಅಂಕಿ 39 ದಾಟುವಂತಿಲ್ಲ. ಫೋಟೊ ಹಿಗ್ಗಿಸಿ ನೋಡಿದರೆ 1-36. ಆದರೆ ಈ ಲೆಕ್ಕ ಎಲ್ಲವನ್ನೂ ಹಿಡಿಯಲ್ಲ. 1-06 ಇದ್ದದ್ದು 1-08 ಆದರೆ ಅದೂ ಸರಿಯಾದ ವಿಸ್ತೀರ್ಣವೇ. ಸರ್ವೆ ನಂಬರಿಗಂತೂ ಇಂಥ ಯಾವ ಪರೀಕ್ಷೆಯೂ ಇಲ್ಲ. ಪಟ್ಟಿಯ ಮನೆಗಳ ಗೆರೆ ಅಂಕಿಗೆ ತಾಗಿ ಪಕ್ಕದಲ್ಲೊಂದು 1 ಹುಟ್ಟಿಕೊಳ್ಳುವುದೂ ಉಂಟು. ಪಟ್ಟಿಯ ಭಾಗವನ್ನು ನಾನು ಯಂತ್ರಕ್ಕೆ ಕೊಡುವುದೇ ಇಲ್ಲ, ನೋಡಿಕೊಂಡು ಟೈಪ್ ಮಾಡುತ್ತೇನೆ. ಮೊಹರು ಬಿದ್ದ ಜಾಗವೂ ಅಷ್ಟೇ. ನೇರಳೆ ಶಾಯಿಯ ಕೆಳಗಿನ ಅಕ್ಷರ ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಯಂತ್ರ ಫೋಟೊವನ್ನು ಕಪ್ಪು ಬಿಳುಪು ಮಾಡಿಕೊಂಡ ಮೇಲೆ ಎರಡೂ ಕಪ್ಪೇ.

ಕಚೇರಿಯಿಂದ ನೋಟಿಸಿನ ಪಿಡಿಎಫ್ ಸಿಗುವುದಾದರೆ ಫೋಟೊಗಿಂತ ಅದನ್ನೇ ಕೇಳಿ. ಸ್ಕ್ಯಾನ್ ಮಾಡಿದ್ದಲ್ಲ, ಟೈಪ್ ಮಾಡಿದ್ದೇ ಆಗಿರಬೇಕು. ಅದರಿಂದ ಕಾಪಿ ಮಾಡಿದಾಗ `PÀ£ÀßqÀ` ತರಹ ಬಂದರೆ ಗಾಬರಿ ಬೇಡ, ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ಕಾಪಿಯಲ್ಲಿ ಕಾಣುವುದೇ ಹಾಗೆ. ಅದನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ. ಅಲ್ಲಿ ಆಕಾರ ನೋಡಿ ಊಹಿಸುವ ಕೆಲಸ ಇಲ್ಲ, ಹಾಗಾಗಿ ೬ ಹೋಗಿ ೯ ಆಗಲ್ಲ.

ಈ ನೋಟಿಸನ್ನು ಮಾತ್ರ ಇವತ್ತೇ ಗುಂಪಿಗೆ ಹಾಕಬೇಡಿ. ಐದನೇ ಸಾಲಿನ ಸರ್ವೆ ನಂಬರಿನ ಮೇಲೆ ಜಾಲರಿಯ ತಂತಿ ಬಿದ್ದಿದೆ, 68/2 ಆಗಿರಬಹುದು, 63/2 ಕೂಡ ಆಗಿರಬಹುದು. ನಾಳೆ ಸ್ಕೂಲಿಗೆ ಹೋಗುವಾಗ ಆ ಒಂದು ಸಾಲನ್ನು ಬೋರ್ಡಿನ ಮುಂದೆ ನಿಂತು ನೋಡಿ ನನಗೆ ತಿಳಿಸಿ, ಉಳಿದದ್ದು ತಿದ್ದಿ ಇಟ್ಟಿರುತ್ತೇನೆ.